ಟೀಮ್ ಲೀಡ್ ಆಡುವ ಮೊದಲ ಮಾತು

ಬೆಂಗಳೂರಿನ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹೊಸಬರ ಮೊದಲ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಥರ ಕಳೆಯುತ್ತದೆ. ಎಚ್‌ಆರ್‌ನವರು ಅಂಕಪಟ್ಟಿ ನೋಡುತ್ತಾರೆ, ಪಿಎಫ್ ಫಾರಂ ತುಂಬಿಸುತ್ತಾರೆ, ಕೊರಳಿಗೆ ಗುರುತಿನ ಚೀಟಿ ಹಾಕಿ ಕಂಪನಿಯ ಚರಿತ್ರೆ ಹೇಳುವ ಸ್ಲೈಡುಗಳನ್ನು ತೋರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರವರನ್ನು ಅವರವರ ಟೀಮ್ ಲೀಡ್‌ಗೆ ಒಪ್ಪಿಸಿದರೆ ಎಚ್‌ಆರ್ ಕೆಲಸ ಮುಗಿಯಿತು. ಆಗ ಲೀಡ್ ಎದ್ದು ನಿಂತು ನಾಲ್ಕು ಮಾತಾಡಬೇಕು. ಬಹುಪಾಲು ಲೀಡ್‌ಗಳು ಇದಕ್ಕೆ ತಯಾರಿಯನ್ನೇ ಮಾಡಿರುವುದಿಲ್ಲ. ‘ನಾವಿಲ್ಲಿ ಒಂದು ಕುಟುಂಬದ ಹಾಗೆ. ಏನಿದ್ದರೂ ಸಂಕೋಚ ಇಲ್ಲದೆ ಕೇಳಿ’ ಎಂದು ಹೇಳಿ, ಚಪ್ಪಾಳೆ ತಟ್ಟಿಸಿ, ತಮ್ಮ ಮೀಟಿಂಗಿಗೆ ಓಡುತ್ತಾರೆ.

ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಕೇಳಿಸಿಕೊಂಡವರಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ಗೊತ್ತಾಗುವುದಿಲ್ಲ. ಯಾರನ್ನು ಕೇಳಬೇಕು, ಎಷ್ಟು ಹೊತ್ತು ತಾನೇ ಒದ್ದಾಡಿ ಕೇಳಬೇಕು, ಮನೆಗೆ ಯಾವಾಗ ಹೊರಡಬಹುದು ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಹೊಸಬರು ಉತ್ತರವನ್ನು ಅಕ್ಕಪಕ್ಕದವರ ನಡವಳಿಕೆ ನೋಡಿ ಊಹಿಸುತ್ತಾರೆ, ಅನೇಕ ಸಲ ತಪ್ಪಾಗಿ ಊಹಿಸುತ್ತಾರೆ.

ಮೊದಲ ದಿನದ ಮಾತಿಗೆ ನಿಜಕ್ಕೂ ತೂಕವಿದೆಯೇ ಎಂದು ಅಳೆದು ನೋಡಿದ ಒಂದು ಪ್ರಯೋಗ ನಡೆದದ್ದು ನಮ್ಮದೇ ದೇಶದಲ್ಲಿ, ಬೆಂಗಳೂರು ಮೂಲದ ವಿಪ್ರೊದ ಬಿಪಿಒ ವಿಭಾಗದಲ್ಲಿ. ಡೇನಿಯಲ್ ಕೇಬಲ್, ಫ್ರಾನ್ಸೆಸ್ಕಾ ಜೀನೊ, ಬ್ರಾಡ್ಲಿ ಸ್ಟಾಟ್ಸ್ ಎಂಬ ಮೂವರು ಸಂಶೋಧಕರು ಇದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಹೊಸದಾಗಿ ಸೇರಿದವರಲ್ಲಿ ಕೆಲವರಿಗೆ ಎಂದಿನ ಪರಿಚಯ ತರಗತಿ ಮಾತ್ರ ಸಿಕ್ಕಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆ ಹೆಚ್ಚಿಗೆ ಸಿಕ್ಕಿತು. ಅದರಲ್ಲಿ ಹಿರಿಯ ಅಧಿಕಾರಿಯೊಬ್ಬರು ಕಂಪನಿಯ ಹೆಗ್ಗಳಿಕೆ ಹೇಳಿದರು, ಚೆನ್ನಾಗಿ ಕೆಲಸ ಮಾಡುವ ನೌಕರರೊಬ್ಬರು ಬಂದು ಮಾತಾಡಿದರು, ಕೊನೆಗೆ ಕಂಪನಿಯ ಹೆಸರಿದ್ದ ಸ್ವೆಟ್‌ಶರ್ಟ್ ಕೊಟ್ಟರು. ಮೂರನೆಯ ಗುಂಪಿಗೂ ಒಂದು ಗಂಟೆಯೇ, ಆದರೆ ಮಾತು ಬೇರೆ. ನಿಮ್ಮ ಸ್ವಭಾವದ ಬಲ ಯಾವುದು, ಅದನ್ನು ಈ ಕೆಲಸದಲ್ಲಿ ಹೇಗೆ ಬಳಸಬಹುದು ಎಂದು ಅವರಿಂದಲೇ ಯೋಚಿಸಿ ಹೇಳಿಸಿದರು. ಸ್ವೆಟ್‌ಶರ್ಟ್ ಮೇಲಿದ್ದದ್ದು ಅವರವರ ಹೆಸರು. ಆರೇಳು ತಿಂಗಳ ನಂತರ ನೋಡಿದಾಗ ಮೂರನೆಯ ಗುಂಪಿನಲ್ಲಿ ಕೆಲಸ ಬಿಟ್ಟವರು ಕಡಿಮೆ ಇದ್ದರು. ಗ್ರಾಹಕರ ತೃಪ್ತಿಯೂ ಎಂದಿನ ತರಗತಿಯವರಿಗಿಂತ ಮೇಲಿತ್ತು. (ಜೀನೊ ಅವರ ಬೇರೆ ಕೆಲವು ಪ್ರಬಂಧಗಳ ಮೇಲೆ ಅಂಕಿಅಂಶ ತಿದ್ದಿದ ಆರೋಪ ಬಂದು, ಹಾರ್ವರ್ಡ್ 2025ರಲ್ಲಿ ಅವರ ಕಾಯಂ ಹುದ್ದೆ ರದ್ದು ಮಾಡಿತು. ಆ ಆರೋಪದ ಪಟ್ಟಿಯಲ್ಲಿ ಈ ಪ್ರಬಂಧ ಇರಲಿಲ್ಲ; ಆದರೂ ಓದುಗರಿಗೆ ಇದು ಗೊತ್ತಿರಲಿ.)

ಲೀಡ್‌ಗೆ ಇದರಿಂದ ಸಿಗುವ ಸುಳಿವು ಸಣ್ಣದು. ಕಂಪನಿಯನ್ನು ಹೊಗಳುವ ಹೊತ್ತನ್ನು ಎದುರಿಗೆ ಕೂತವರ ಕಡೆ ತಿರುಗಿಸಿದರೆ ಲಾಭವಿದೆ. ಹಾಗಾದರೆ ಆ ಹತ್ತು ನಿಮಿಷದಲ್ಲಿ ಏನು ಹೇಳಬೇಕು? ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಇರುವವರು ಎಂಟು ಜನ. ಹೊಸಬರು ಮೂವರು: ಹುಬ್ಬಳ್ಳಿಯಲ್ಲಿ ಓದಿ ಈಗಷ್ಟೇ ಹೊರಬಂದ ಹುಡುಗಿ, ಮಂಡ್ಯದ ಹುಡುಗ, ಪುಣೆಯಿಂದ ಬಂದಿರುವ ಆರು ವರ್ಷ ಅನುಭವದ ಒಬ್ಬರು. ಪುಣೆಯವರಿಗೆ ಕನ್ನಡ ಬರದ ಕಾರಣ ಲೀಡ್ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕನ್ನಡದಲ್ಲಿ ಅದು ಹೀಗಿರುತ್ತಿತ್ತು:

‘ಈ ವಾರ ನಿಮ್ಮಿಂದ ಕೋಡ್ ನಿರೀಕ್ಷೆ ಮಾಡಲ್ಲ. ಲ್ಯಾಪ್‌ಟಾಪ್ ಇವತ್ತು ಕೈಗೆ ಬರುತ್ತೆ, ಆದ್ರೆ ಎಲ್ಲ ಪರ್ಮಿಷನ್ ಸಿಗೋಕೆ ಬುಧವಾರ ಆಗಬಹುದು. ಅಲ್ಲೀತನಕ ಸುಮ್ಮನೆ ಕೂತಿದ್ದೀವಲ್ಲ ಅಂತ ಮುಜುಗರ ಬೇಡ, ತಡ ಆಗಿರೋದು ನಮ್ಮಿಂದ. ಏನಾದ್ರೂ ಸಿಕ್ಕಿಹಾಕಿಕೊಂಡ್ರೆ ಅರ್ಧ ಗಂಟೆ ನೀವೇ ಪ್ರಯತ್ನ ಮಾಡಿ, ಆಮೇಲೆ ಗ್ರೂಪಲ್ಲೇ ಕೇಳಿ. ಒಬ್ಬೊಬ್ಬರಿಗೂ ಒಬ್ಬ ಜೊತೆಗಾರರನ್ನ ಕೊಟ್ಟಿದ್ದೀನಿ, ಈ ವಾರ ದಿನಕ್ಕೆ ಒಂದು ಗಂಟೆ ಅವರ ಕೆಲಸದಲ್ಲಿ ಕಡಿತ ಮಾಡಿದ್ದೀನಿ. ಆ ಗಂಟೆ ನಿಮ್ಮದು. ನನ್ನನ್ನ ಹೆಸರು ಹಿಡಿದು ಕರೀಬಹುದು. ನಾಲಿಗೆ ಬರಲಿಲ್ಲ ಅಂದ್ರೆ ಮೇಡಂ ಅನ್ನಿ, ಅದಕ್ಕೂ ಬೇಜಾರಿಲ್ಲ. ರಾತ್ರಿ ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್ ಇರುತ್ತೆ, ಮೊದಲ ತಿಂಗಳು ನೀವು ಅದಕ್ಕೆ ಬರೋದು ಬೇಡ. ನಾನು ಆರು ಗಂಟೆಗೆ ಎದ್ದು ಹೋಗ್ತೀನಿ, ಕೆಲವು ದಿನ ಎಂಟಾಗುತ್ತೆ. ನಾನು ಏಳೋವರೆಗೂ ನೀವು ಕೂತಿರಬೇಕಾಗಿಲ್ಲ.’

ಈ ಮಾತಿನಲ್ಲಿ ‘ಸಂಸ್ಕೃತಿ’ ಎಂಬ ಪದ ಒಮ್ಮೆಯೂ ಬಂದಿಲ್ಲ, ಆದರೆ ಇದ್ದದ್ದೆಲ್ಲ ಅದೇ. ಅರ್ಧ ಗಂಟೆ ಎಂಬ ಗಡಿ ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ. ಕಾಲೇಜಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ ನಗೆಪಾಟಲಾದವರನ್ನು ಕಂಡು ಬೆಳೆದ ಹುಡುಗಿ ‘ಸಂಕೋಚ ಬೇಡ’ ಎಂದ ಮಾತ್ರಕ್ಕೆ ಕೇಳುವುದಿಲ್ಲ. ಅರ್ಧ ಗಂಟೆಯ ನಂತರ ಕೇಳುವುದು ನಿಯಮ ಎಂದಾಗ ಮಾತ್ರ ಕೇಳುವುದು ದಡ್ಡತನ ಅನ್ನಿಸುವುದಿಲ್ಲ. ಜೊತೆಗಾರರ ಕೆಲಸದಲ್ಲಿ ಗಂಟೆ ಕಡಿತ ಮಾಡಿದ್ದೂ ಹಾಗೆಯೇ. ಅದಿಲ್ಲದಿದ್ದರೆ ಅವರು ಮೂರನೆಯ ಪ್ರಶ್ನೆಗೆ ಗಡಿಯಾರ ನೋಡುತ್ತಾರೆ, ನಾಲ್ಕನೆಯದು ಬರುವುದೇ ಇಲ್ಲ.

ತಪ್ಪಿನ ವಿಚಾರವನ್ನು ಲೀಡ್ ಬೇರೆಯಾಗಿಯೇ ಎತ್ತಬೇಕು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡುವಾಗ ಚೆನ್ನಾಗಿ ನಡೆಯುವ ತಂಡಗಳಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಅಲ್ಲಿ ಜನ ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಆದ್ದರಿಂದ ನಮ್ಮ ಲೀಡ್ ತಾನು ಕಳೆದ ವರ್ಷ ತಪ್ಪು ಸರ್ವರಿನಲ್ಲಿ ಕಮಾಂಡ್ ಓಡಿಸಿದ್ದನ್ನೂ, ಹತ್ತು ನಿಮಿಷದೊಳಗೆ ಗ್ರೂಪಿನಲ್ಲಿ ಹೇಳಿಕೊಂಡಿದ್ದನ್ನೂ, ಆಮೇಲೆ ಇನ್ನಿಬ್ಬರು ಸೇರಿ ಸರಿಮಾಡಿದ್ದನ್ನೂ ಹೇಳುತ್ತಾರೆ. ‘ತಪ್ಪು ಮಾಡಿದರೆ ಪರವಾಗಿಲ್ಲ’ ಎಂಬ ಭರವಸೆಗಿಂತ ಇದು ಮೇಲು, ಏಕೆಂದರೆ ತಪ್ಪಾದಾಗ ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದು ಇದರಿಂದ ತಿಳಿಯುತ್ತದೆ.

ಅನುಭವಿಯಾದ ಪುಣೆಯವರ ತೊಂದರೆ ಬೇರೆ. ಹಳೆ ಕಂಪನಿಯ ಪದ್ಧತಿ ಅವರ ಕೈಯಲ್ಲಿ ಕೂತಿದೆ, ‘ಅಲ್ಲಿ ನಾವು ಹೀಗೆ ಮಾಡುತ್ತಿದ್ದೆವು’ ಎಂಬ ಮಾತು ಮೊದಲ ದಿನವೇ ಬರುತ್ತದೆ. ಅದನ್ನು ಅದುಮಬಾರದು. ಎರಡು ವಾರ ಗಮನಿಸಿ ಬರೆದಿಡಿ, ಆಮೇಲೆ ಕೂತು ಮಾತಾಡೋಣ ಎಂದು ಲೀಡ್ ದಿನಾಂಕ ಗೊತ್ತುಮಾಡಿದರೆ ಸಾಕು. ಇವರನ್ನು ಊಟದ ಮೇಜಿನಲ್ಲಿ ಒಂಟಿಯಾಗಿಸುವುದು ಭಾಷೆ. ಕೆಲಸದ ಮಾತಿನ ನಡುವೆ ತಂಡ ಕನ್ನಡಕ್ಕೆ ಜಾರಿದರೆ ನಿಲ್ಲಿಸಿ ವಿವರಿಸಬೇಕು ಎಂಬುದನ್ನು ಲೀಡ್ ಹೊಸಬರಿಗಲ್ಲ, ಆ ಎಂಟು ಹಳಬರಿಗೆ ಹೇಳಿರಬೇಕು, ಅದೂ ಹಿಂದಿನ ಶುಕ್ರವಾರವೇ.

ಮಾತು ನಾಟಿತೇ ಇಲ್ಲವೇ ಎಂಬುದು ಗುರುವಾರದ ಹೊತ್ತಿಗೆ ಕಾಣಿಸುತ್ತದೆ. ಗ್ರೂಪಿನಲ್ಲಿ ಹೊಸಬರ ಒಂದು ಪ್ರಶ್ನೆಯೂ ಇಲ್ಲ, ಎಲ್ಲವೂ ಜೊತೆಗಾರರಿಗೆ ಖಾಸಗಿಯಾಗಿ ಹೋಗುತ್ತಿವೆ ಎಂದಾದರೆ ಅಂಜಿಕೆ ಹಾಗೇ ಇದೆ ಎಂದರ್ಥ. ಮಂಡ್ಯದ ಹುಡುಗ ಆರು ಗಂಟೆಗೆ ಬ್ಯಾಗು ಮುಚ್ಚಿಕೊಂಡು ಲೀಡ್ ಕುರ್ಚಿಯತ್ತ ನೋಡುತ್ತ ಕೂತಿದ್ದರೂ ಹಾಗೆಯೇ. ಹೆಚ್ಚಿನ ಸಲ ಇದಕ್ಕೆ ಕಾರಣ ಲೀಡ್ ಅವರೇ: ಮಂಗಳವಾರ ರಾತ್ರಿ ಹನ್ನೊಂದಕ್ಕೆ ಅವರು ಹಾಕಿದ ಮೆಸೇಜು, ಅಥವಾ ಯಾರೋ ಕೇಳಿದ ಪ್ರಶ್ನೆಗೆ ‘ಡಾಕ್ಯುಮೆಂಟಲ್ಲಿ ಇದೆಯಲ್ಲ’ ಎಂದ ಒಂದು ಸಾಲು. ಆ ಸಾಲನ್ನು ಮೂವರೂ ಓದಿರುತ್ತಾರೆ.

ಶುಕ್ರವಾರ ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಹದಿನೈದು ನಿಮಿಷ ಕೂರಬೇಕು. ‘ಹೇಗಿತ್ತು ವಾರ?’ ಎಂದರೆ ‘ಚೆನ್ನಾಗಿತ್ತು ಮೇಡಂ’ ಎಂಬುದಷ್ಟೇ ಸಿಗುತ್ತದೆ. ಯಾವುದಕ್ಕೆ ಅತಿ ಹೆಚ್ಚು ಹೊತ್ತು ಕಾದಿರಿ, ಯಾರಿಂದ ಹೆಚ್ಚು ಸಹಾಯವಾಯಿತು, ಸೋಮವಾರ ನಾನು ಹೇಳಿದ್ದರಲ್ಲಿ ಯಾವುದು ಇಲ್ಲಿ ನಡೆಯುತ್ತಿಲ್ಲ ಎಂದು ಕೇಳಿದರೆ ಉತ್ತರ ಬರುತ್ತದೆ. ಕೊನೆಯ ಪ್ರಶ್ನೆಗೆ ಹುಬ್ಬಳ್ಳಿಯ ಹುಡುಗಿ ತಡವರಿಸಿಯಾದರೂ ಒಂದು ಉದಾಹರಣೆ ಕೊಟ್ಟರೆ, ಲೀಡ್ ಅದನ್ನು ಅಲ್ಲೇ ಬರೆದುಕೊಂಡು ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಸರಿಪಡಿಸಬೇಕು, ಹೇಳಿದವರು ಯಾರೆಂದು ಬಿಟ್ಟುಕೊಡದೆ.