ಆರು ಸ್ವಿಚ್, ಒಂದು ಬಲ್ಬ್: ಕೇಳುವ ಸರದಿ ಬದಲಾದರೆ ನಕ್ಷೆಯ ಗಾತ್ರವೂ ಬದಲು

ಒಂದು ಬಲ್ಬಿಗೆ ಮೂರು ದಾರಿಗಳಲ್ಲಿ ವಿದ್ಯುತ್ ಬರಬಹುದು ಎಂದಿಟ್ಟುಕೊಳ್ಳಿ. ಪ್ರತಿ ದಾರಿಯಲ್ಲೂ ಒಂದರ ಹಿಂದೆ ಒಂದು ಎರಡು ಸ್ವಿಚ್‌ಗಳಿವೆ. ಮೊದಲ ದಾರಿಯಲ್ಲಿ ಎ1 ಮತ್ತು ಬಿ1, ಎರಡನೆಯದರಲ್ಲಿ ಎ2 ಮತ್ತು ಬಿ2, ಮೂರನೆಯದರಲ್ಲಿ ಎ3 ಮತ್ತು ಬಿ3. ಯಾವುದಾದರೂ ಒಂದು ದಾರಿಯ ಎರಡೂ ಸ್ವಿಚ್ ಹಾಕಿದ್ದರೆ ಬಲ್ಬ್ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಇದನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು ಹೇಗೆ? ಆರು ಸ್ವಿಚ್‌ಗಳನ್ನು 64 ರೀತಿಯಲ್ಲಿ ಹಾಕಿ ಆರಿಸಬಹುದು. ಅಷ್ಟನ್ನೂ ಪಟ್ಟಿ ಮಾಡಿದರೆ 37 ಸಾಲುಗಳಲ್ಲಿ ಬಲ್ಬ್ ಉರಿಯುತ್ತದೆ, 27ರಲ್ಲಿ ಉರಿಯುವುದಿಲ್ಲ. ಪಟ್ಟಿ ಸರಿಯಾಗಿಯೇ ಇರುತ್ತದೆ. ಆದರೆ ಒಂದೊಂದು ಸ್ವಿಚ್ ಹೆಚ್ಚಿದಾಗಲೂ ಅದರ ಉದ್ದ ದುಪ್ಪಟ್ಟಾಗುತ್ತದೆ. ನಲವತ್ತು ಸ್ವಿಚ್‌ಗಳಾದರೆ ಸಾಲುಗಳ ಸಂಖ್ಯೆ ಒಂದು ಲಕ್ಷ ಕೋಟಿಯನ್ನು ದಾಟುತ್ತದೆ.

ಪಟ್ಟಿಯ ಬದಲು ಪ್ರಶ್ನೆಗಳ ನಕ್ಷೆಯೊಂದನ್ನು ಬರೆಯಬಹುದು. ನಕ್ಷೆಯ ಒಂದೊಂದು ನೋಡ್ ಒಂದೊಂದು ಪ್ರಶ್ನೆ: ‘ಈ ಸ್ವಿಚ್ ಹಾಕಿದೆಯೇ?’ ಹೌದು ಎಂದರೆ ಒಂದು ಕವಲು, ಇಲ್ಲ ಎಂದರೆ ಇನ್ನೊಂದು. ಕೊನೆಯಲ್ಲಿ ಸಿಗುವುದು 1 ಅಥವಾ 0. ಬಲ್ಬ್ ಉರಿಯಿತು ಅಥವಾ ಉರಿಯಲಿಲ್ಲ. ಇದಕ್ಕೆ ಬೈನರಿ ಡಿಸಿಷನ್ ಡಯಾಗ್ರಾಮ್, ಚಿಕ್ಕದಾಗಿ ಬಿಡಿಡಿ ಎಂದು ಹೆಸರು. ಬೆಲ್ ಲ್ಯಾಬ್ಸ್‌ನ ಸಿ.ವೈ. ಲೀ 1959ರಲ್ಲಿ ಇದರ ಮೂಲ ರೂಪವನ್ನು ಮಂಡಿಸಿದರು. 1978ರಲ್ಲಿ ಷೆಲ್ಡನ್ ಏಕರ್ಸ್ ಅದನ್ನು ಬೆಳೆಸಿದರು. 1986ರಲ್ಲಿ ರಾಂಡಲ್ ಬ್ರಯಂಟ್ ಅದಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ಹಾಕಿದ ಮೇಲೆ ಚಿಪ್ ವಿನ್ಯಾಸಕಾರರಿಗೆ ಅದು ನಿಜಕ್ಕೂ ಬಳಸಬಹುದಾದ ಸಾಧನವಾಯಿತು.

ಬ್ರಯಂಟ್ ಅವರ ಮೊದಲ ನಿಯಮ ಸರದಿಯದು. ನಕ್ಷೆಯಲ್ಲಿ ಯಾವ ದಾರಿ ಹಿಡಿದು ಇಳಿದರೂ ಸ್ವಿಚ್‌ಗಳನ್ನು ಕೇಳುವ ಸರದಿ ಒಂದೇ ಇರಬೇಕು. ಬೇಡದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಹುದು, ಸರದಿ ತಪ್ಪಿಸುವಂತಿಲ್ಲ. ಉಳಿದೆರಡು ನಿಯಮಗಳು ನಕ್ಷೆಯನ್ನು ಕುಗ್ಗಿಸುತ್ತವೆ. ಹೌದು ಎಂದರೂ ಇಲ್ಲ ಎಂದರೂ ಒಂದೇ ಕಡೆ ಹೋಗುವ ನೋಡ್ ಇದ್ದರೆ, ಆ ಪ್ರಶ್ನೆಯಿಂದ ಪ್ರಯೋಜನವಿಲ್ಲವಾದ್ದರಿಂದ ಅದನ್ನು ತೆಗೆದುಹಾಕಬೇಕು. ಒಂದೇ ಪ್ರಶ್ನೆ ಕೇಳಿ, ಒಂದೇ ಜೋಡಿ ಜಾಗಗಳಿಗೆ ಕಳಿಸುವ ಎರಡು ನೋಡ್‌ಗಳಿದ್ದರೆ ಅವನ್ನು ಒಂದಾಗಿಸಬೇಕು. ಕೊನೆಯ 0 ಮತ್ತು 1 ಕೂಡ ಒಂದೊಂದೇ ಇರಬೇಕು. ಹೀಗೆ ಇನ್ನು ಕುಗ್ಗದಷ್ಟು ಕುಗ್ಗಿದ ನಕ್ಷೆಯೇ ರೆಡ್ಯೂಸ್ಡ್ ಆರ್ಡರ್ಡ್ ಬಿಡಿಡಿ.

ಈಗ ನಮ್ಮ ಬಲ್ಬಿಗೆ ಬರೋಣ. ಸರದಿ ಎ1, ಬಿ1, ಎ2, ಬಿ2, ಎ3, ಬಿ3 ಎಂದಿರಲಿ. ಎ1 ಹಾಕಿಲ್ಲ ಎಂದರೆ ಮೊದಲ ದಾರಿ ಮುಚ್ಚಿಹೋಯಿತು, ಬಿ1 ಕೇಳುವ ಅಗತ್ಯವೇ ಇಲ್ಲದೆ ನೇರ ಎ2ಗೆ ಹೋಗಬಹುದು. ಎ1 ಹಾಕಿದೆ ಎಂದರೆ ಬಿ1 ಕೇಳಬೇಕು. ಅದೂ ಹಾಕಿದ್ದರೆ ಉತ್ತರ 1, ಅಲ್ಲಿಗೆ ಕೆಲಸ ಮುಗಿಯಿತು. ಹಾಕಿಲ್ಲದಿದ್ದರೆ ಮತ್ತೆ ಎ2ಗೇ ಬರುತ್ತೇವೆ. ಎ2ಗೆ ಯಾವ ಕಡೆಯಿಂದ ಬಂದರೂ ಮುಂದಿರುವ ಪ್ರಶ್ನೆ ಒಂದೇ: ಉಳಿದ ಎರಡು ದಾರಿಗಳಲ್ಲಿ ಒಂದಾದರೂ ತೆರೆದಿದೆಯೇ? ಆದ್ದರಿಂದ ಎ2ಗೆ ಒಂದೇ ನೋಡ್ ಸಾಕು. ಎ3ಗೂ ಹಾಗೆಯೇ. ಸ್ವಿಚ್ಚಿಗೊಂದರಂತೆ ಆರು, ಕೊನೆಯ 0 ಮತ್ತು 1 ಸೇರಿ ಒಟ್ಟು ಎಂಟು ನೋಡ್‌ಗಳಲ್ಲಿ ನಕ್ಷೆ ಮುಗಿಯುತ್ತದೆ.

ಅದೇ ಬಲ್ಬ್, ಅದೇ ಸ್ವಿಚ್‌ಗಳು. ಸರದಿಯನ್ನು ಮಾತ್ರ ಎ1, ಎ2, ಎ3, ಬಿ1, ಬಿ2, ಬಿ3 ಎಂದು ಬದಲಿಸಿದರೆ ಕತೆಯೇ ಬೇರೆ. ಮೂರು ಎಗಳನ್ನು ಕೇಳಿ ಮುಗಿಸಿದಾಗ ಯಾವ ದಾರಿಯೂ ಪೂರ್ತಿ ತೆರೆದಿದೆ ಎಂದು ತೀರ್ಮಾನ ಆಗಿರುವುದಿಲ್ಲ. ಯಾವ ಯಾವ ದಾರಿ ಅರ್ಧ ತೆರೆದಿದೆ ಎಂಬುದನ್ನು ನಕ್ಷೆ ನೆನಪಿಟ್ಟುಕೊಂಡೇ ಮುಂದೆ ಹೋಗಬೇಕು. ಅಂಥ ಸಂದರ್ಭಗಳು ಎಂಟು. ಒಂದರಲ್ಲಿ ಬಿ1 ಮಾತ್ರ ನೋಡಬೇಕು, ಇನ್ನೊಂದರಲ್ಲಿ ಬಿ1 ಅಥವಾ ಬಿ3, ಮತ್ತೊಂದರಲ್ಲಿ ಮೂರೂ. ಒಂದರಲ್ಲಂತೂ ನೋಡುವುದಕ್ಕೇ ಏನೂ ಉಳಿದಿಲ್ಲ, ಉತ್ತರ 0. ಈ ಎಂಟೂ ಬೇರೆ ಬೇರೆ ಪ್ರಶ್ನೆಗಳಾದ್ದರಿಂದ ಒಂದನ್ನು ಇನ್ನೊಂದರ ಜೊತೆ ಸೇರಿಸಲು ಬರುವುದಿಲ್ಲ.

ಹಂತ ಹಂತವಾಗಿ ಎಣಿಸಿದರೆ ಎ1ಗೆ ಒಂದು, ಎ2ಗೆ ಎರಡು, ಎ3ಗೆ ನಾಲ್ಕು, ಬಿ1ಗೆ ನಾಲ್ಕು, ಬಿ2ಗೆ ಎರಡು, ಬಿ3ಗೆ ಒಂದು. ಒಟ್ಟು 14. ಕೊನೆಯ ಎರಡು ಸೇರಿದರೆ 16.

ಎಂಟಕ್ಕೂ ಹದಿನಾರಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. ದಾರಿಗಳ ಸಂಖ್ಯೆಯನ್ನು ಹೆಚ್ಚಿಸಿ ನೋಡಿದರೆ ತಿಳಿಯುತ್ತದೆ. ಜೋಡಿಗಳನ್ನು ಒಟ್ಟಿಗೆ ಕೇಳುವ ಸರದಿಯಲ್ಲಿ ದಾರಿಗೆ ಎರಡೇ ನೋಡ್ ಹೆಚ್ಚುತ್ತವೆ. ಎಗಳನ್ನೆಲ್ಲ ಮೊದಲು ಕೇಳುವ ಸರದಿಯಲ್ಲಿ ಪ್ರತಿ ಹೊಸ ದಾರಿಗೂ ಇಡೀ ನಕ್ಷೆ ದುಪ್ಪಟ್ಟಾಗುತ್ತದೆ. ಹತ್ತು ದಾರಿಗಳಿಗೆ ಒಂದು ಕಡೆ 22, ಇನ್ನೊಂದು ಕಡೆ 2,048. ಇಪ್ಪತ್ತು ದಾರಿಗಳಿಗೆ ಒಂದು ಕಡೆ 42, ಇನ್ನೊಂದು ಕಡೆ 20,97,152.

ಇಷ್ಟಾದರೂ ಸರದಿಯ ನಿಯಮವನ್ನು ಬಿಡದಿರುವುದಕ್ಕೆ ಕಾರಣವಿದೆ. ಸರದಿ ಒಂದನ್ನು ಗೊತ್ತುಮಾಡಿಕೊಂಡರೆ ಒಂದು ಫಂಕ್ಷನ್ನಿಗೆ ಒಂದೇ ಒಂದು ಕುಗ್ಗಿದ ನಕ್ಷೆ ಸಾಧ್ಯ. ಹಳೆಯ ಸರ್ಕ್ಯೂಟನ್ನು ಸುಧಾರಿಸಿ ಹೊಸದೊಂದನ್ನು ಮಾಡಿದ ಎಂಜಿನಿಯರ್, ಎರಡೂ ಒಂದೇ ಕೆಲಸ ಮಾಡುತ್ತವೆಯೇ ಎಂದು ತಿಳಿಯಲು ಎಲ್ಲ ಇನ್‌ಪುಟ್‌ಗಳನ್ನೂ ಕೊಟ್ಟು ಪರೀಕ್ಷಿಸಬೇಕಿಲ್ಲ. ಎರಡಕ್ಕೂ ಒಂದೇ ಸರದಿಯಲ್ಲಿ ನಕ್ಷೆ ಕಟ್ಟಿದರಾಯಿತು. ನಕ್ಷೆಗಳು ಒಂದೇ ಆಗಿದ್ದರೆ ಸರ್ಕ್ಯೂಟ್‌ಗಳ ಕೆಲಸವೂ ಒಂದೇ, ಬೇರೆಯಾಗಿದ್ದರೆ ಎಲ್ಲೋ ತಪ್ಪಿದೆ.

ಹಾಗಾದರೆ ಒಳ್ಳೆಯ ಸರದಿಯನ್ನು ಹುಡುಕುವುದು ಹೇಗೆ? ಜೊತೆಯಾಗಿ ಕೆಲಸ ಮಾಡುವ ವೇರಿಯಬಲ್‌ಗಳನ್ನು ಹತ್ತಿರ ಇಡಬೇಕು ಎಂಬುದು ಮೊದಲ ಸೂತ್ರ. ಎರಡು ಸಂಖ್ಯೆಗಳನ್ನು ಕೂಡುವ ಸರ್ಕ್ಯೂಟಿನಲ್ಲಿ ಒಂದರ ಬಿಡಿಸ್ಥಾನದ ಪಕ್ಕ ಇನ್ನೊಂದರ ಬಿಡಿಸ್ಥಾನ, ಆಮೇಲೆ ಮುಂದಿನ ಸ್ಥಾನಗಳ ಜೋಡಿ, ಹೀಗೆ ಹೆಣೆದರೆ ನಕ್ಷೆ ಹಿಡಿತದಲ್ಲಿರುತ್ತದೆ. ಆದರೆ ದೊಡ್ಡ ಸರ್ಕ್ಯೂಟ್‌ಗಳಲ್ಲಿ ಯಾವುದಕ್ಕೆ ಯಾವುದು ಜೊತೆ ಎಂದು ಕಣ್ಣಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಸರದಿಯನ್ನು ಖಚಿತವಾಗಿ, ಬೇಗನೆ ಕಂಡುಹಿಡಿಯುವ ವಿಧಾನವೂ ಗೊತ್ತಿಲ್ಲ.

1993ರಲ್ಲಿ ರಿಚರ್ಡ್ ರೂಡೆಲ್ ತೋರಿಸಿದ ‘ಸಿಫ್ಟಿಂಗ್’ ಇಲ್ಲಿ ನೆರವಿಗೆ ಬರುತ್ತದೆ. ನಕ್ಷೆ ಕಟ್ಟುತ್ತಿರುವಾಗಲೇ ನೋಡ್‌ಗಳ ಸಂಖ್ಯೆ ಏಕಾಏಕಿ ಏರಿದರೆ ಸರದಿ ಕೆಟ್ಟಿದೆ ಎಂದು ತಿಳಿದು, ಒಂದೊಂದೇ ವೇರಿಯಬಲ್ಲನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, ನಕ್ಷೆ ಅತಿ ಚಿಕ್ಕದಾಗುವ ಜಾಗದಲ್ಲಿ ನಿಲ್ಲಿಸುವುದು ಇದರ ಕ್ರಮ. ಅಕ್ಕಪಕ್ಕದ ಎರಡು ವೇರಿಯಬಲ್‌ಗಳನ್ನು ಅದಲು ಬದಲು ಮಾಡಿದಾಗ ಆ ಎರಡು ಹಂತಗಳಷ್ಟೇ ಬದಲಾಗುವುದರಿಂದ ಇದು ದುಬಾರಿಯಲ್ಲ. ನಮ್ಮ 16 ನೋಡ್‌ಗಳ ನಕ್ಷೆಯಲ್ಲಿ ಬಿ1ನ್ನು ಎ3ರ ಮೇಲಕ್ಕೆ ತಂದರೆ ಗಾತ್ರ 12ಕ್ಕೆ ಇಳಿಯುತ್ತದೆ. ಇನ್ನೊಂದು ಮೆಟ್ಟಿಲು ಏರಿಸಿ ಎ1ರ ಪಕ್ಕಕ್ಕೆ ತಂದರೆ 10. ಆಮೇಲೆ ಬಿ2ನ್ನು ಎ2ರ ಪಕ್ಕಕ್ಕೆ ತಂದರೆ 8.

ಎಲ್ಲ ಫಂಕ್ಷನ್‌ಗಳೂ ಹೀಗೆ ಮಣಿಯುವುದಿಲ್ಲ. ‘ಆರರಲ್ಲಿ ಮೂರಾದರೂ ಸ್ವಿಚ್ ಹಾಕಿದೆಯೇ?’ ಎಂಬಂಥ ಪ್ರಶ್ನೆಯಲ್ಲಿ ಎಲ್ಲ ಸ್ವಿಚ್‌ಗಳೂ ಸಮಾನ. ಸರದಿ ಹೇಗಿದ್ದರೂ ನಕ್ಷೆಯ ಗಾತ್ರ ಒಂದೇ, ಅದೂ ಸಣ್ಣದೇ. ಗುಣಾಕಾರದ್ದು ಇದಕ್ಕೆ ವಿರುದ್ಧ. ಗುಣಲಬ್ಧದ ನಡುವಿನ ಬಿಟ್‌ಗೆ ಯಾವ ಸರದಿಯನ್ನು ಹಿಡಿದರೂ ನಕ್ಷೆ ಘಾತೀಯವಾಗಿ ಬೆಳೆಯುತ್ತದೆ ಎಂದು ಬ್ರಯಂಟ್ ಅವರೇ 1991ರಲ್ಲಿ ಸಾಧಿಸಿ ತೋರಿಸಿದರು. ಅಲ್ಲಿ ಸಿಫ್ಟಿಂಗ್ ಎಷ್ಟು ಹೊತ್ತು ನಡೆಸಿದರೂ ಫಲವಿಲ್ಲ. ಹೀಗಾಗಿ ಗುಣಾಕಾರದ ಸರ್ಕ್ಯೂಟ್‌ಗಳನ್ನು ಪರಿಶೀಲಿಸುವವರು ಅವನ್ನು ಚಿಕ್ಕ ತುಂಡುಗಳಾಗಿ ಒಡೆದು ನೋಡುತ್ತಾರೆ, ಇಲ್ಲವೇ ಬಿಟ್‌ಗಳ ಬದಲು ಇಡೀ ಸಂಖ್ಯೆಗಳನ್ನೇ ಹಿಡಿದಿಡುವ ಬೇರೆ ಬಗೆಯ ನಕ್ಷೆಗಳನ್ನು ಬಳಸುತ್ತಾರೆ.