ಪುಣೆಗೆ ಮನೆ ಸಾಮಾನು: ಎಷ್ಟು ಅಡಿ ಲಾರಿ, ಎಷ್ಟು ದಿನ?

ಬೆಂಗಳೂರಿನಿಂದ ಪುಣೆಗೆ ವರ್ಗವಾದವರು ಮೂರು ಕಡೆ ಫೋನ್ ಮಾಡಿ ಲಾರಿ ಬಾಡಿಗೆ ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಮೊತ್ತ ಬರುತ್ತವೆ. ಯಾರೋ ಮೋಸ ಮಾಡುತ್ತಿದ್ದಾರೆ ಎಂದೇನಲ್ಲ. ‘ಎರಡು ಬೆಡ್‌ರೂಮಿನ ಮನೆ’ ಎಂದಷ್ಟೇ ಹೇಳಿದಾಗ ಒಬ್ಬ 14 ಅಡಿ ಲಾರಿಯ ಲೆಕ್ಕ ಹಾಕಿರುತ್ತಾನೆ, ಇನ್ನೊಬ್ಬ 17 ಅಡಿಯದು. ಮೂರನೆಯವನು ನಿಮ್ಮ ಸಾಮಾನನ್ನು ಬೇರೆಯವರದರ ಜೊತೆ ಸೇರಿಸಿ ಕಳಿಸುವ ಯೋಚನೆಯಲ್ಲಿರುತ್ತಾನೆ. ಆದ್ದರಿಂದ ಫೋನಿಗೆ ಮೊದಲು ಅಳತೆ ಟೇಪು ಕೈಗೆತ್ತಿಕೊಳ್ಳಬೇಕು.

ಮನೆ ಸಾಮಾನಿನಲ್ಲಿ ತೂಕಕ್ಕಿಂತ ಜಾಗದ್ದೇ ಪ್ರಶ್ನೆ. ಪ್ರತಿಯೊಂದು ವಸ್ತುವಿನ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಅಳೆದು ಗುಣಿಸಿದರೆ ಘನ ಅಡಿ ಸಿಗುತ್ತದೆ. ಮೂರಡಿ ಅಗಲ, ಆರೂವರೆ ಅಡಿ ಎತ್ತರದ ಕಬ್ಬಿಣದ ಬೀರು ಸುಮಾರು 35 ಘನ ಅಡಿ ಹಿಡಿಯುತ್ತದೆ. ಒಂದು ಸಾಧಾರಣ ಮನೆಯನ್ನೇ ತೆಗೆದುಕೊಳ್ಳೋಣ. ಬಿಚ್ಚಿದ ಎರಡು ಮಂಚ ಮತ್ತು ಹಾಸಿಗೆಗಳು 90, ಎರಡು ಬೀರು 70, ಫ್ರಿಜ್ ಮತ್ತು ವಾಷಿಂಗ್ ಮಷೀನ್ 50, ಸೋಫಾ ಸೆಟ್ 110, ಊಟದ ಮೇಜು ಮತ್ತು ಕುರ್ಚಿ 40, ಪಾತ್ರೆ, ಪುಸ್ತಕ ತುಂಬಿದ ಮೂವತ್ತು ರಟ್ಟಿನ ಪೆಟ್ಟಿಗೆ 100, ಸೈಕಲ್, ಮೂಟೆ ಇತ್ಯಾದಿ 60. ಒಟ್ಟು 520. ಎಷ್ಟೇ ಚೆನ್ನಾಗಿ ಜೋಡಿಸಿದರೂ ನಡುವೆ ಸಂದಿ ಉಳಿಯುವುದರಿಂದ ಶೇ. 15 ಸೇರಿಸಿ, 600 ಎಂದುಕೊಳ್ಳಿ.

ಆರಡಿ ಅಗಲ, ಆರಡಿ ಎತ್ತರದ 14 ಅಡಿ ಲಾರಿಯಲ್ಲಿ 504 ಘನ ಅಡಿ ಜಾಗವಿರುತ್ತದೆ. ಸಾಮಾನು ಹಿಡಿಯುವುದಿಲ್ಲ, 17 ಅಡಿಯದೇ ಬೇಕು. ಆದರೆ ಸೋಫಾ ಒಂದನ್ನು ಇಲ್ಲೇ ಮಾರಿದರೆ ಲೆಕ್ಕ 470ಕ್ಕೆ ಇಳಿದು 14 ಅಡಿಯಲ್ಲೇ ಮುಗಿಯುತ್ತದೆ. ಹಳೆಯ ಸೋಫಾಕ್ಕೆ ನಾವು ತೆರುವ ನಿಜವಾದ ಬೆಲೆ ಈ ಎರಡು ಲಾರಿಗಳ ಬಾಡಿಗೆಯ ಅಂತರ. ಅದನ್ನು ತಿಳಿದ ಮೇಲೂ ಒಯ್ಯಬೇಕೆನಿಸಿದರೆ ಧಾರಾಳವಾಗಿ ಒಯ್ಯಿರಿ.

ಇನ್ನು ಬಾಡಿಗೆ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಪುಣೆಗೆ ಸುಮಾರು 840 ಕಿ.ಮೀ. ಲಾರಿ ಲೀಟರಿಗೆ 7 ಕಿ.ಮೀ. ಕೊಟ್ಟರೆ 120 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ 10,800. ಟೋಲ್‌ಗೆ ಇನ್ನೊಂದು ಮೂರ್ನಾಲ್ಕು ಸಾವಿರ ಇಟ್ಟುಕೊಂಡರೆ ಹೋಗುವ ದಾರಿಗೇ ಹದಿನಾಲ್ಕು ಸಾವಿರ ದಾಟಿತು. ಇದರ ಮೇಲೆ ಡ್ರೈವರ್ ಭತ್ಯೆ, ಮಾಲೀಕನ ಸಾಲದ ಕಂತು, ಲಾಭ. ಲಾರಿ ಖಾಲಿ ವಾಪಸಾದರೆ ಡೀಸೆಲ್ಲೂ ಟೋಲೂ ಇಮ್ಮಡಿಯಾಗಿ ಅದೂ ನಿಮ್ಮ ತಲೆಗೇ ಬರುತ್ತದೆ. ಪುಣೆಯಂಥ ಕೈಗಾರಿಕಾ ಊರಿನಿಂದ ರಿಟರ್ನ್ ಲೋಡ್ ಸಿಗುವುದು ಸುಲಭ. ಲೋಡ್ ಸಿಗದ ಸಣ್ಣ ಊರಿಗೆ ಅರ್ಧ ದೂರವಿದ್ದರೂ ಬಾಡಿಗೆ ಅರ್ಧವಾಗದಿರುವುದು ಇದೇ ಕಾರಣಕ್ಕೆ. ಪುಣೆಯಲ್ಲಿ ನೋಂದಣಿಯಾದ, ಬೆಂಗಳೂರಿನಲ್ಲಿ ಸರಕು ಇಳಿಸಿ ಊರಿಗೆ ಮರಳಬೇಕಾದ ಲಾರಿ ಸಿಕ್ಕರೆ ಚೌಕಾಸಿಗೆ ಜಾಗವಿದೆ. ತಿಂಗಳ ಕೊನೆಯಲ್ಲೂ ಏಪ್ರಿಲ್–ಮೇನಲ್ಲೂ ಅಂಥ ಜಾಗ ಕಡಿಮೆ.

ದಿನಗಳ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಕಾರಿನಲ್ಲಿ ಹದಿನಾಲ್ಕು ತಾಸು ಸಾಕು ಎಂದು ಲಾರಿಗೂ ಅದೇ ಅಂದಾಜು ಕಟ್ಟಬಾರದು. ತುಂಬಿದ ಲಾರಿ ಗಂಟೆಗೆ ಸರಾಸರಿ 40 ಕಿ.ಮೀ. ಓಡಿದರೆ 21 ತಾಸು ಬೇಕು. ಒಬ್ಬನೇ ಡ್ರೈವರ್, ಊಟ, ನಿದ್ದೆ ಎಲ್ಲ ಸೇರಿ ಎರಡು ದಿನ. ಹಗಲಿನಲ್ಲಿ ನಗರದೊಳಗೆ ಲಾರಿ ಬಿಡದ ಹೊತ್ತು ಬೇರೆ ಇದೆ. ಶುಕ್ರವಾರ ಸಂಜೆ ತುಂಬಿದ ಸಾಮಾನು ಭಾನುವಾರ ರಾತ್ರಿ ಅಥವಾ ಸೋಮವಾರ ಬೆಳಗ್ಗೆ ಇಳಿಯುತ್ತದೆ ಎಂದು ನಂಬಿ ಹೊಸ ಮನೆಯ ಬೀಗದ ಕೈ ತೆಗೆದುಕೊಳ್ಳಿ.

ಇದು ಇಡೀ ಲಾರಿ ನಿಮಗೊಬ್ಬರಿಗೇ ಆದಾಗ. ಪಾರ್ಟ್ ಲೋಡ್‌ನಲ್ಲಿ ಬಾಡಿಗೆ ಗಣನೀಯವಾಗಿ ಇಳಿಯುತ್ತದೆ, ಆದರೆ ದಿನಗಳು ವಾರಕ್ಕೆ ಏರಬಹುದು. ರಸ್ತೆಯಲ್ಲಿ ತಡವಾಗುವುದಿಲ್ಲ. ಲಾರಿ ತುಂಬುವಷ್ಟು ಸಾಮಾನು ಸೇರುವವರೆಗೆ ನಿಮ್ಮದು ಗೋದಾಮಿನಲ್ಲಿ ಕಾಯುತ್ತದೆ, ಒಂದೆರಡು ಬಾರಿ ಹೆಚ್ಚುವರಿಯಾಗಿ ಇಳಿಸಿ ಹತ್ತಿಸುವುದೂ ಆಗುತ್ತದೆ. ಗಾಜು ಒಡೆಯುವುದು, ಬೀರುವಿನ ಕಾಲು ಸೊಟ್ಟಗಾಗುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ‘ಎಷ್ಟು ದಿನಕ್ಕೆ ಬರುತ್ತದೆ’ ಎನ್ನುವುದಕ್ಕಿಂತ ‘ಲಾರಿ ಯಾವತ್ತು ಹೊರಡುತ್ತದೆ, ನಂಬರ್ ಏನು’ ಎಂದು ಕೇಳಿ. ಇಡೀ ಲಾರಿಯ ಹಣ ಪಡೆದು ಪಾರ್ಟ್ ಲೋಡ್‌ನಲ್ಲಿ ಕಳಿಸಿದ್ದರೆ, ತುಂಬಿದ ಲಾರಿಯ ನಂಬರ್ ಒಂದು, ಪುಣೆಯಲ್ಲಿ ಬಂದು ನಿಂತದ್ದು ಇನ್ನೊಂದು ಆಗಿರುತ್ತದೆ. ತುಂಬುವಾಗಲೇ ಲಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ನಂಬರ್, ದಿನಾಂಕ, ಒಟ್ಟು ಬಾಡಿಗೆ, ಸಾಮಾನಿನ ಪಟ್ಟಿ ಬರೆದ ಎಲ್‌ಆರ್ ರಸೀತಿ ಕೈಗೆ ಬರದೆ ಲಾರಿಯನ್ನು ಬಿಡಬೇಡಿ.

ನಡುದಾರಿಯಲ್ಲಿ ‘ಗಡಿ ತೆರಿಗೆ ಕಟ್ಟಬೇಕು’ ಎಂದು ಫೋನ್ ಬಂದರೆ ಒಪ್ಪಬೇಡಿ. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿ ನಿಯಮದಲ್ಲಿ ಇ–ವೇ ಬಿಲ್ ಬೇಕಿಲ್ಲ.