ತಂಪಾದ ಎದೆ, ನಗುವ ಕೆಲಸ

ಕೆಲವು ವರ್ಷಗಳ ಹಿಂದೆ ಬ್ಯಾಂಕಾಕಿನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ಷರಾಯಿ ಹೊಲಿಯಲು ಕೊಟ್ಟಿದ್ದೆ. ತರಲು ಹೋದರೆ ಅದು ಮೂರು ಬೆರಳಷ್ಟು ಮೋಟಾಗಿತ್ತು. ತೋರಿಸಿದೆ, ಅಂಗಡಿಯ ಹೆಂಗಸು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ತರಗತಿಗಳಲ್ಲಿ ಪಳಗಿದ ನನ್ನ ಕಂಠ ಬೀದಿಗೆಲ್ಲ ಕೇಳಿಸಿರಬೇಕು. ಆಕೆಯ ನಗು ಮಾಸಲಿಲ್ಲ. ಆದರೆ ಮಾತು ನಿಂತುಹೋಯಿತು. ಪಕ್ಕದ ಹಣ್ಣಿನಂಗಡಿಯ ಮುದುಕ ಅಂಗೈಯನ್ನು ಮೆಲ್ಲನೆ ಕೆಳಗಿಳಿಸುತ್ತ ‘ಜೈ ಯೆನ್ ಯೆನ್’ ಎಂದ. ಷರಾಯಿ ಅಲ್ಲಿಯೇ ಉಳಿಯಿತು. ನಾನು ಬರಿಗೈಯಲ್ಲಿ ಮರಳಿದೆ.

‘ಜೈ’ ಎಂದರೆ ನಮ್ಮ ಜಯಕಾರವಲ್ಲ. ಥಾಯ್ ಭಾಷೆಯಲ್ಲಿ ಅದು ಎದೆ, ಮನಸ್ಸು ಎರಡೂ ಹೌದು. ‘ಯೆನ್’ ಎಂದರೆ ತಂಪು. ಎದೆ ಕಾದಿದ್ದರೆ ಅದು ‘ಜೈ ರೋನ್’: ಮುಂಗೋಪಿಗೂ ಆ ಮಾತು ಸಲ್ಲುತ್ತದೆ, ತಾಳ್ಮೆಗೆಟ್ಟವನಿಗೂ ಸಲ್ಲುತ್ತದೆ. ಔದಾರ್ಯಕ್ಕೆ ಅವರು ‘ನಾಮ್ ಜೈ’, ಎಂದರೆ ಎದೆಯ ನೀರು, ಎನ್ನುತ್ತಾರೆ. ಹೊಟ್ಟೆ ತಣ್ಣಗಿರಲೆಂದು ಹರಸುವ ನಮಗೆ ಈ ತಂಪು ಅಪರಿಚಿತವೇನಲ್ಲ. ಆದರೆ ನಮ್ಮಲ್ಲಿ ಅದು ಹರಕೆ, ಅವರಲ್ಲಿ ನಡತೆಯ ಅಳತೆಗೋಲು. ದನಿಯೇರಿಸಿದವನು ನ್ಯಾಯವಂತನಾಗಿದ್ದರೂ ನಾಲ್ಕು ಜನರ ನಡುವೆ ತನ್ನ ಮುಖವನ್ನೂ ಎದುರಿನವರ ಮುಖವನ್ನೂ ಕೆಡಿಸಿದಂತೆ. ಆಮೇಲೆ ತಪ್ಪು ಯಾರದೆಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ; ಎಲ್ಲರೂ ಆ ಬಿಸಿ ಆರಲೆಂದು ಕಾಯುತ್ತಾರೆ. ಆ ಹೆಂಗಸಿನ ನಗುವೂ ನನ್ನನ್ನು ಹಾಸ್ಯಮಾಡಿದ ನಗುವಲ್ಲ. ತಪ್ಪು ಕಂಡಾಗಿನ ಮುಜುಗರಕ್ಕೆ ಅಲ್ಲಿ ಅದೇ ತೋರಿಕೆ. ನಾನು ಅದನ್ನು ತಲೆಕೆಳಗಾಗಿ ಓದಿಕೊಂಡಿದ್ದೆ.

ಎದೆಯನ್ನು ತಂಪಾಗಿಡುವುದು ಬರಿಯ ಸಂಯಮದಿಂದ ಸಾಧ್ಯವೆ? ಇಲ್ಲಿಯೇ ‘ಸನುಕ್’ ಎಂಬ ಇನ್ನೊಂದು ಮಾತು ಬರುತ್ತದೆ. ಮೋಜು ಎಂದು ಅನುವಾದಿಸಬಹುದು. ಆದರೆ ನಮ್ಮ ಮೋಜಿಗೆ ಸೋಮಾರಿತನದ ವಾಸನೆಯಿದೆ, ಸನುಕ್‌ಗೆ ಇಲ್ಲ. ಕೆಲಸವೂ ಸನುಕ್ ಆಗಿರಬೇಕೆಂಬುದು ಅವರ ನಿರೀಕ್ಷೆ. ಥಾಯ್ ಭಾಷೆಯಲ್ಲಿ ಕೆಲಸಕ್ಕೆ ‘ಙಾನ್’ ಎನ್ನುತ್ತಾರೆ. (ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ಙಕಾರಕ್ಕೆ ಅಲ್ಲಿ ಪದದ ಮೊದಲಲ್ಲಿಯೇ ಪೀಠ!) ದೇವಾಲಯದ ಜಾತ್ರೆಯೂ ಙಾನ್, ಮದುವೆಯೂ ಙಾನ್, ಶವಸಂಸ್ಕಾರವೂ ಙಾನ್. ಹತ್ತು ಜನ ಕೂಡಿ ಮಾಡುವುದೆಲ್ಲ ಒಂದೇ ಹೆಸರಿನಡಿ ಬರುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ಹಳ್ಳಿಗಳ ‘ಲೊಂಗ್ ಖ್ಯಾಕ್’. ನಮ್ಮ ಮುಯ್ಯಾಳಿನ ಪದ್ಧತಿಯೇ ಅದು: ಇಂದು ನಿಮ್ಮ ಗದ್ದೆಯ ಕೊಯ್ಲಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಖ್ಯಾಕ್ ಎಂದರೆ ಅತಿಥಿ. ಬಂದವರು ಕೂಲಿಯಾಳುಗಳಲ್ಲ, ಅತಿಥಿಗಳು. ಗದ್ದೆಯವರು ಊಟ ಹಾಕಬೇಕು. ಕೊಯ್ಲಿನ ಹಾಡುಗಳಲ್ಲಿ ಗಂಡಸರು ಒಂದು ಸವಾಲೆಸೆದರೆ ಹೆಂಗಸರು ಮಾರುತ್ತರ ಕೊಡುತ್ತಾರೆ. ಕೀಟಲೆ, ಸರಸ, ಸೋಲು ಗೆಲುವು ಎಲ್ಲವೂ ಅದರಲ್ಲಿದೆ. ಬಿಸಿಲು ಕಡಮೆಯಾಗುವುದಿಲ್ಲ, ಬೆನ್ನುನೋವೂ ಕಡಮೆಯಾಗುವುದಿಲ್ಲ. ಆದರೆ ಹಿಂದೆ ಬಿದ್ದವನನ್ನು ಗದರಿಸುವ ಮೇಸ್ತ್ರಿ ಬೇಕಾಗುವುದಿಲ್ಲ. ಹಾಡಿನ ಒಂದು ಚುಚ್ಚು ಸಾಕು. ಸಿಟ್ಟಾಗಿ ಹೊರಬರಬೇಕಾದದ್ದು ನಗೆಯಾಗಿ ಹರಿದುಹೋಗುತ್ತದೆ. ಸನುಕ್ ಹೀಗೆ ಜೈ ಯೆನ್‌ಗೆ ಕಾವಲು. ಕೊಯ್ಲಿನ ಯಂತ್ರಗಳೂ ಕೂಲಿಯ ಲೆಕ್ಕವೂ ಬಂದ ಮೇಲೆ ಈ ಪದ್ಧತಿ ಬಹುಮಟ್ಟಿಗೆ ಕ್ಷೀಣಿಸಿದೆ. ಅದರ ಗುಣ ಮಾತ್ರ ಕಚೇರಿಗಳಲ್ಲಿ, ಮಾರುಕಟ್ಟೆಗಳಲ್ಲಿ ಇಂದಿಗೂ ಕಾಣುತ್ತದೆ. ಕೆಲಸದ ನಡುವೆ ಹಂಚಿಕೊಂಡು ತಿನ್ನುವುದು, ಒಬ್ಬರನ್ನೊಬ್ಬರು ಕೆಣಕುವುದು ಅವರಿಗೆ ಕಾಲಹರಣವಲ್ಲ.

ಆದರೂ ತಂಪಾದ ಎದೆಯೆಂದರೆ ಸಿಟ್ಟೇ ಇಲ್ಲದ ಎದೆಯೆಂದು ತಿಳಿಯಬಾರದು. 1973ರ ಅಕ್ಟೋಬರಿನಲ್ಲಿ, ಮತ್ತೆ 1992ರ ಮೇ ತಿಂಗಳಲ್ಲಿ ಬ್ಯಾಂಕಾಕಿನ ಬೀದಿಗಳಲ್ಲಿ ಜನ ಸೈನಿಕ ಆಡಳಿತದೆದುರು ನಿಂತು ಪ್ರಾಣ ತೆತ್ತರು. ದಿನನಿತ್ಯದಲ್ಲಿಯೂ ಈ ಗುಣಕ್ಕೆ ಒಂದು ಬೆಲೆಯಿದೆ. ಮೇಲಿನವರ ಅನ್ಯಾಯವನ್ನು ನಗುತ್ತ ನುಂಗುವ ಕೆಲಸಗಾರ ದೂರು ಹೇಳದೆ ಒಂದು ದಿನ ಬರುವುದನ್ನೇ ನಿಲ್ಲಿಸಬಹುದು. ಯಜಮಾನನಿಗೆ ಕಾರಣ ತಿಳಿಯುವುದೇ ಇಲ್ಲ. ಕಿರಿಯರೂ ಬಡವರೂ ತಣ್ಣಗಿರಬೇಕೆಂದು ಬಯಸುವುದು ಹಿರಿಯರಿಗೂ ಧನಿಕರಿಗೂ ಸುಲಭ. ನಗುವನ್ನು ಒಪ್ಪಿಗೆಯೆಂದು ಎಣಿಸುವವರು ಮೋಸಹೋಗುತ್ತಾರೆ. ನನಗೆ ಕಂಡ ಗುರುತು ಇಷ್ಟು: ನಗುವಿನ ಜೊತೆ ಮಾತೂ ಇದ್ದರೆ ದಾರಿ ತೆರೆದಿದೆ, ಮಾತು ನಿಂತು ನಗು ಮಾತ್ರ ಉಳಿದರೆ ಬಾಗಿಲು ಮುಚ್ಚಿತು.

ಮರುದಿನ ನನ್ನ ಮಗಳು ಅದೇ ಅಂಗಡಿಗೆ ಹೋದಳು. ಷರಾಯಿಯನ್ನು ಎತ್ತಿ ಹಿಡಿದು, ಅಪ್ಪ ಈ ವಯಸ್ಸಿನಲ್ಲಿ ಗದ್ದೆ ನಾಟಿಗೆ ಹೊರಟಿದ್ದಾರೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಳಂತೆ. ಆ ಹೆಂಗಸು, ಹಣ್ಣಿನಂಗಡಿಯ ಮುದುಕ, ಬೀದಿಯ ಇನ್ನಿಬ್ಬರು ಎಲ್ಲರೂ ನಕ್ಕರು. ಅಂಚಿನೊಳಗೆ ಮಡಿಚಿದ್ದ ಬಟ್ಟೆಯನ್ನು ಬಿಚ್ಚಿ ಅರ್ಧ ಗಂಟೆಯಲ್ಲಿ ಷರಾಯಿ ಸರಿಯಾಯಿತು. ಅದಕ್ಕೆ ಹಣ ಮುಟ್ಟಲಿಲ್ಲ. ಆಕೆ ನನಗೆಂದು ಎರಡು ಮಾವಿನ ಹಣ್ಣನ್ನೂ ಕೊಟ್ಟು ಕಳುಹಿಸಿದ್ದಳು.